ಹತ್ತಿರ ಚೆಂದ, ದೂರ ಮಸುಕು: ಮೆನು ಬೋರ್ಡಿನ ಫಾಂಟ್ ಜೋಡಿಯಲ್ಲಿ ದೋಷ ಹುಡುಕುವ ಬಗೆ

ಕಂಪ್ಯೂಟರ್ ಪರದೆಯಲ್ಲಿ ಚೆನ್ನಾಗಿ ಕಂಡ ಮೆನು ಗೋಡೆಗೆ ಹೋದ ಮೇಲೆ ಓದಲು ಬರುವುದಿಲ್ಲ. ಗ್ರಾಹಕರು ಸಾಲು ಬಿಟ್ಟು ಮುಂದೆ ಬರುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ಕೊನೆಗೆ "ಏನೇನಿದೆ?" ಅಂತ ಕೌಂಟರಿನಲ್ಲೇ ಕೇಳುತ್ತಾರೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಎಲ್ಲವನ್ನೂ ದೊಡ್ಡದು ಮಾಡುತ್ತಾರೆ, ಇಲ್ಲವೇ ಎಲ್ಲವನ್ನೂ ಬೋಲ್ಡ್ ಮಾಡುತ್ತಾರೆ. ಎರಡೂ ಸುಮ್ನೆ ಊಹೆ. ತಪ್ಪು ಗಾತ್ರದಲ್ಲಿದೆಯೋ, ಫಾಂಟಿನಲ್ಲಿದೆಯೋ, ಸಾಲುಗಳ ನಡುವಿನ ಜಾಗದಲ್ಲಿದೆಯೋ ಅಂತ ಮೊದಲು ಬೇರೆ ಮಾಡಿ ನೋಡಬೇಕು. ಅದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಸ್ಕೇಲು ಮತ್ತು ಅರ್ಧ ಗಂಟೆ.

ನಾನೇ ಮಾಡಿದ ಒಂದು ಬೋರ್ಡನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಎ1 ಅಳತೆಯ ಗೋಡೆ ಮೆನು, ಅಂದರೆ 594 ಮಿ.ಮೀ. ಅಗಲ, 841 ಮಿ.ಮೀ. ಎತ್ತರ. ಕಡು ಬಣ್ಣದ ಹಿನ್ನೆಲೆ, ಬಿಳಿ ಅಕ್ಷರ. ಮೇಲೆ ಹೋಟೆಲಿನ ಹೆಸರು ಕೈಬರಹದಂಥ ಅಲಂಕಾರಿಕ ಫಾಂಟಿನಲ್ಲಿ. ಕೆಳಗೆ 42 ಐಟಂಗಳು ತೆಳುವಾದ, ಸರಳ ಫಾಂಟಿನಲ್ಲಿ. ಬೆಲೆಯ ಅಂಕಿಗಳು ಮತ್ತೆ ಅಲಂಕಾರಿಕ ಫಾಂಟಿನಲ್ಲಿ, ಬಲ ಅಂಚಿಗೆ. ಸಾಲಿನಲ್ಲಿ ನಿಂತವರಿಗೂ ಬೋರ್ಡಿಗೂ ನಡುವೆ 4 ಮೀಟರ್. ಮಾಲೀಕರು ಎರಡೇ ವಾರದಲ್ಲಿ ಕರೆದು ಹೇಳಿದರು: "ಮೇಲಿನ ಹೆಸರು ಚೆನ್ನಾಗಿದೆ, ಅದನ್ನ ಮುಟ್ಟಬೇಡಿ. ಕೆಳಗಿನ ಐಟಂ ಫಾಂಟ್ ಸರಿ ಇಲ್ಲ, ಅದನ್ನ ಬದಲಾಯಿಸಿ."

ಅಳೆದು ನೋಡಿದಾಗ ವಿಷಯ ತಿರುಗುಮುರುಗಾಗಿತ್ತು.

ಮೊದಲ ಪರೀಕ್ಷೆ: ನಡೆದು ನೋಡುವುದು

ಬೋರ್ಡಿನ ಮುಂದೆ ತುಂಬಾ ದೂರ ನಿಲ್ಲಿ. ಒಂದೊಂದೇ ಹೆಜ್ಜೆ ಮುಂದೆ ಬನ್ನಿ. ಒಂದು ಸಾಲನ್ನು ಎಲ್ಲೂ ತಡವರಿಸದೆ, ಊಹಿಸದೆ ಓದಲು ಆದ ಕ್ಷಣ ನಿಂತು ಆ ದೂರವನ್ನು ಅಳೆಯಿರಿ. ಹೆಸರಿಗೆ ಒಂದು ದೂರ, ಐಟಂ ಸಾಲಿಗೆ ಒಂದು, ಅಂಕಿಗೆ ಒಂದು. ಈ ಕೆಲಸವನ್ನು ವಿನ್ಯಾಸ ಮಾಡಿದವರು ಮಾಡಬಾರದು. ಅವರಿಗೆ ಅಲ್ಲಿ ಏನು ಬರೆದಿದೆ ಅಂತ ಬಾಯಿಪಾಠವೇ ಆಗಿರುತ್ತದೆ, ಅಲ್ವಾ. ಆ ಮೆನು ಗೊತ್ತಿಲ್ಲದ ಒಬ್ಬ ಕಿರಿಯರನ್ನು, ಒಬ್ಬ ಹಿರಿಯರನ್ನು ಅವರು ದಿನವೂ ಹಾಕುವ ಕನ್ನಡಕದೊಂದಿಗೆ ನಿಲ್ಲಿಸಿ. ಇಬ್ಬರಲ್ಲಿ ಕಡಿಮೆ ಬಂದ ದೂರವನ್ನು ಬರೆದುಕೊಳ್ಳಿ.

ಆಮೇಲೆ ಅಕ್ಷರದ ಎತ್ತರ ಅಳೆಯಿರಿ. ಕನ್ನಡದಲ್ಲಿ ಇದಕ್ಕೆ ಸ್ವಲ್ಪ ಎಚ್ಚರ ಬೇಕು. ಮೇಲಿನ ಗುಡಿಸು, ಕೆಳಗಿನ ಒತ್ತು ಎರಡನ್ನೂ ಬಿಟ್ಟು 'ಕ' ಅಕ್ಷರದ ಅಡಿಯಿಂದ ತಲಕಟ್ಟಿನ ತುದಿಯವರೆಗೆ ಅಳೆಯಬೇಕು. ನಾನು ಇದನ್ನು ಮೈ ಎತ್ತರ ಅನ್ನುತ್ತೇನೆ. ಪಾಯಿಂಟ್ ಗಾತ್ರವನ್ನು ನಂಬಬೇಡಿ. ಪಾಯಿಂಟ್ ಅನ್ನುವುದು ಅಕ್ಷರ ಕೂತಿರುವ ಪೆಟ್ಟಿಗೆಯ ಅಳತೆ, ಅಕ್ಷರದ್ದಲ್ಲ. ಒಂದೇ 40 ಪಾಯಿಂಟಿನಲ್ಲಿ ಒಂದು ಫಾಂಟಿನ ಮೈ ದೊಡ್ಡದಿರುತ್ತದೆ, ಇನ್ನೊಂದರದು ಚಿಕ್ಕದಿರುತ್ತದೆ. ಎರಡು ಫಾಂಟ್ ಜೋಡಿಸುವಾಗ ಒಂದು ಸೊರಗಿದಂತೆ ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಈಗ ದೂರವನ್ನು ಮೈ ಎತ್ತರದಿಂದ ಭಾಗಿಸಿ. ನನ್ನ ಬೋರ್ಡಿನ ಲೆಕ್ಕ ಹೀಗಿತ್ತು.

ಹೋಟೆಲಿನ ಹೆಸರು: ಮೈ ಎತ್ತರ 60 ಮಿ.ಮೀ., ಓದಲು ಬಂದದ್ದು 5 ಮೀಟರಿನಿಂದ. 5000 ÷ 60 = 83.
ಐಟಂ ಸಾಲು: ಮೈ ಎತ್ತರ 6.5 ಮಿ.ಮೀ., ಓದಲು ಬಂದದ್ದು 1.5 ಮೀಟರಿನಿಂದ. 1500 ÷ 6.5 = 231.
ಬೆಲೆಯ ಅಂಕಿ: ಎತ್ತರ 8 ಮಿ.ಮೀ., ಓದಲು ಬಂದದ್ದು 1.2 ಮೀಟರಿನಿಂದ. 1200 ÷ 8 = 150.

ಈ ಸಂಖ್ಯೆಯನ್ನು ನಾನು ಹೀಗೆ ಓದುತ್ತೇನೆ. 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಫಾಂಟ್ ತನ್ನ ಕೆಲಸ ಮಾಡುತ್ತಿದೆ, ಗಾತ್ರ ಮಾತ್ರ ಸಾಲದು. 120ಕ್ಕಿಂತ ಕಡಿಮೆ ಬಂದರೆ ಗಾತ್ರ ಸಾಕಷ್ಟಿದೆ, ತಪ್ಪು ಫಾಂಟಿನಲ್ಲಿ, ಜಾಗದಲ್ಲಿ ಅಥವಾ ಬಣ್ಣದಲ್ಲಿದೆ. ನಡುವೆ ಬಂದರೆ ಎರಡನ್ನೂ ನೋಡಬೇಕು. ಇದು ಕೆಲಸ ಮಾಡುತ್ತಾ ಕಂಡುಕೊಂಡ ಅಂದಾಜು, ಯಾವ ಮಾನದಂಡದ ಸಂಖ್ಯೆಯೂ ಅಲ್ಲ. ಆದರೆ ದೋಷ ಯಾವ ಕಡೆ ಇದೆ ಅಂತ ತೋರಿಸಲು ಸಾಕು.

ಮಾಲೀಕರು ಕೆಟ್ಟದು ಅಂದ ಐಟಂ ಫಾಂಟ್ ಪಾಪ, ಚೆನ್ನಾಗಿಯೇ ದುಡಿಯುತ್ತಿತ್ತು. ಚೆನ್ನಾಗಿದೆ ಅಂದ ಹೆಸರಿನ ಫಾಂಟೇ ದೂರಕ್ಕೆ ಸೋತಿತ್ತು. ಅದು ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಹೋಟೆಲಿನ ಹೆಸರು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಐಟಂ ಸಾಲು ಏಕೆ ಸೋತಿತು

ಕಣ್ಣಿನ ಆಸ್ಪತ್ರೆಯಲ್ಲಿ ಗೋಡೆಗೆ ಹಾಕಿದ ಅಕ್ಷರಗಳ ಪಟ್ಟಿ ನೋಡಿರುತ್ತೀರಿ. ಸರಿಯಾದ ದೃಷ್ಟಿ ಇದೆ ಅಂತ ಹೇಳುವ ಸಾಲಿನ ಅಕ್ಷರ ಕಣ್ಣಿಗೆ 5 ಕಲೆಯಷ್ಟು ಕೋನದಲ್ಲಿ ಕಾಣಬೇಕು. ಒಂದು ಡಿಗ್ರಿಯಲ್ಲಿ 60 ಕಲೆ. 4 ಮೀಟರ್ ದೂರಕ್ಕೆ ಇದು ಸುಮಾರು 5.8 ಮಿ.ಮೀ. ಎತ್ತರ ಆಗುತ್ತದೆ. ನನ್ನ ಐಟಂ ಅಕ್ಷರ 6.5 ಮಿ.ಮೀ. ಇತ್ತು. ಅಂದರೆ ಒಳ್ಳೆಯ ಕಣ್ಣು, ಒಳ್ಳೆಯ ಬೆಳಕು, ಕಪ್ಪು-ಬಿಳುಪಿನ ಬಿಡಿ ಅಕ್ಷರ ಇದ್ದಾಗ ಮಾತ್ರ ದಾಟುವ ಗಡಿಯಲ್ಲೇ ನಾನು ಇಡೀ ಮೆನುವನ್ನು ನಿಲ್ಲಿಸಿದ್ದೆ. ಬೋರ್ಡ್ ಹಾಕಿದ ದಿನ ನಾನು 4 ಮೀಟರಿನಲ್ಲಿ ನಿಂತು "ಕಾಣುತ್ತದೆ" ಅಂದಿದ್ದೂ ಅದಕ್ಕೇ.

ಆ ಪಟ್ಟಿಯ ಅಕ್ಷರಗಳಲ್ಲಿ ಗೆರೆ ಮತ್ತು ಖಾಲಿ ಜಾಗ ಸೇರಿ ಐದೇ ಪದರ. ನಮ್ಮ 'ಕ್ಷ'ದಲ್ಲಿ, 'ಣ'ದಲ್ಲಿ, 'ಸ್ತ್ರ'ದಲ್ಲಿ ಅದಕ್ಕಿಂತ ಹೆಚ್ಚು ಸುರುಳಿಗಳು. ಹಾಗಾಗಿ ಗಡಿಯ ಮೂರರಷ್ಟಾದರೂ ಇಟ್ಟುಕೊಳ್ಳುವುದು ಒಳ್ಳೆಯದು. ದೂರವನ್ನು 200ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. 4 ಮೀಟರಿಗೆ 20 ಮಿ.ಮೀ. ನಡೆದು ಹೋಗುವಾಗ ಒಂದು ನೋಟಕ್ಕೆ ಸಿಗಬೇಕಾದ ಪೋಸ್ಟರ್ ಸಾಲಾದರೆ 120ರಿಂದ ಭಾಗಿಸಿ. ನಿಂತು ಓದುವವರಿಗೆ ಸಿಗುವ ಸಮಯ ನಡೆಯುವವರಿಗೆ ಸಿಗುವುದಿಲ್ಲ.

ಬೇಕಾದ ಎತ್ತರಕ್ಕೆ ಎಷ್ಟು ಪಾಯಿಂಟ್ ಇಡಬೇಕು ಅಂತ ತಿಳಿಯಲು 'ಕ' ಅಕ್ಷರವನ್ನು 100 ಪಾಯಿಂಟಿನಲ್ಲಿ ಪ್ರಿಂಟ್ ತೆಗೆದು ಸ್ಕೇಲಿನಲ್ಲಿ ಅಳೆಯಿರಿ. 17 ಮಿ.ಮೀ. ಬಂತು ಅಂದುಕೊಳ್ಳಿ. 20 ಮಿ.ಮೀ. ಬೇಕಾದರೆ 100 × 20 ÷ 17, ಅಂದರೆ ಸುಮಾರು 118 ಪಾಯಿಂಟ್. ಜೋಡಿಯ ಎರಡೂ ಫಾಂಟಿಗೆ ಬೇರೆ ಬೇರೆಯಾಗಿ ಅಳೆಯಿರಿ. ಇಂಗ್ಲಿಷ್ ಅಕ್ಷರಗಳೂ ಇದ್ದರೆ ಅಲ್ಲಿ ಸಣ್ಣ ಅಕ್ಷರ x ಎಷ್ಟು ಎತ್ತರ ಇದೆ ಅಂತ ನೋಡಿ, ಕನ್ನಡದ ಮೈ ಎತ್ತರದ ಪಕ್ಕದಲ್ಲಿಟ್ಟು ಹೊಂದಿಸಿ.

ಹೆಸರಿನ ಸಾಲು ಏಕೆ ಸೋತಿತು

ಫಾಂಟ್ ಜೋಡಿಯ ನಿಜವಾದ ದೋಷ ಇದ್ದದ್ದು ಇಲ್ಲಿ.

ದೂರ ಹೋದಂತೆ ಅಕ್ಷರದ ಎಲ್ಲ ಗುಣಗಳೂ ಒಟ್ಟಿಗೆ ಮಸುಕಾಗುವುದಿಲ್ಲ. ಮೊದಲು ಹೋಗುವುದು ಕೂದಲೆಳೆಯಂಥ ತೆಳು ಗೆರೆಗಳು, ತುದಿಯ ಬಳುಕು, ಕುಂಚದ ಒರಟುತನ. ಆಮೇಲೆ ಅಕ್ಷರದ ಒಳಗಿನ ಸಣ್ಣ ಸೀಳುಗಳು. ಕೊನೆಯವರೆಗೆ ಉಳಿಯುವುದು ಗಾತ್ರ, ದಪ್ಪ, ಅಗಲ, ಸುತ್ತಲಿನ ಖಾಲಿ ಜಾಗ. ನಾನು ಪರದೆಯಲ್ಲಿ ನೋಡಿ ಜೋಡಿ ಮಾಡಿದ್ದು ಮೊದಲು ಹೋಗುವ ಗುಣಗಳ ಮೇಲೆ. ಒಂದು ಬಳುಕುತ್ತದೆ, ಇನ್ನೊಂದು ನೆಟ್ಟಗಿದೆ, ಎರಡೂ ಒಂದಕ್ಕೊಂದು ಒಪ್ಪುತ್ತವೆ ಅಂದುಕೊಂಡಿದ್ದೆ. 5 ಮೀಟರ್ ದಾಟಿದರೆ ಬಳುಕೂ ಇಲ್ಲ, ನೆಟ್ಟಗೂ ಇಲ್ಲ. ಹೆಸರಿನ ತೆಳು ಗೆರೆಗಳು ಮಾಯವಾಗಿ ದಪ್ಪ ಗೆರೆಗಳ ತುಂಡುಗಳಷ್ಟೇ ಉಳಿದಿದ್ದವು. ತಲಕಟ್ಟು ಅಕ್ಷರದಿಂದ ಕಳಚಿ ಬಿದ್ದಂತೆ ಕಾಣುತ್ತಿತ್ತು.

ಪರೀಕ್ಷೆ ಸುಲಭ. ಬೋರ್ಡಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಅಕ್ಷರ ಓದಲು ಬರದಷ್ಟು ಮಸುಕು ಮಾಡಿ. ಈಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಶೀರ್ಷಿಕೆ ಯಾವುದು, ಐಟಂ ಯಾವುದು ಅಂತ ಇನ್ನೂ ಗೊತ್ತಾಗುತ್ತಿದೆಯೇ? ಪ್ರತಿ ಪದವೂ ಒಂದೇ ಗಟ್ಟಿಯಾದ ಪಟ್ಟಿಯಂತೆ ಕಾಣುತ್ತಿದೆಯೇ, ಅಥವಾ ಚೂರು ಚೂರಾಗಿದೆಯೇ? ಮೊದಲನೆಯದಕ್ಕೆ ಇಲ್ಲ ಅಂತ ಬಂದರೆ ಎರಡು ಫಾಂಟುಗಳ ದಪ್ಪ ಅಥವಾ ಗಾತ್ರದ ಅಂತರ ಸಾಲದು. ಪದ ಚೂರಾಗಿದ್ದರೆ ಆ ಫಾಂಟಿನಲ್ಲಿ ದಪ್ಪ-ತೆಳು ಗೆರೆಗಳ ಅಂತರ ಜಾಸ್ತಿ.

ದಪ್ಪ ಎಷ್ಟಿರಬೇಕು? ಗೆರೆಯ ಅಗಲ ಮೈ ಎತ್ತರದ ಆರನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದೊಳಗೆ ಇದ್ದರೆ ದೂರಕ್ಕೆ ನಿಲ್ಲುತ್ತದೆ. ನನ್ನ ಹೆಸರಿನ ಫಾಂಟಿನಲ್ಲಿ ತೆಳು ಗೆರೆ 60 ಮಿ.ಮೀ. ಎತ್ತರಕ್ಕೆ 2 ಮಿ.ಮೀ. ಇತ್ತು. ಮೂವತ್ತನೇ ಒಂದು ಭಾಗ! ಫಾಂಟಿನ ಅತಿ ತೆಳು ಗೆರೆಯನ್ನೇ ಅಳೆಯಬೇಕು, ದಪ್ಪ ಗೆರೆಯನ್ನಲ್ಲ. ದೂರ ಎಷ್ಟು ಅಂತ ನಿರ್ಧರಿಸುವುದು ತೆಳು ಗೆರೆಯೇ.

ಹಾಗಂತ ದಪ್ಪ ಮಾಡುತ್ತಾ ಹೋಗುವುದೂ ತಪ್ಪು. 'ದ' ಮತ್ತು 'ಧ' ನಡುವೆ ಇರುವುದು ಅಡಿಯ ಒಂದು ಸೀಳು. 'ಡ' ಮತ್ತು 'ಢ' ಕೂಡ ಹಾಗೆಯೇ. 'ರ' ಮತ್ತು 'ಠ' ನಡುವೆ ಒಳಗಿನ ಒಂದು ಚುಕ್ಕೆ, 'ಪ' ಮತ್ತು 'ಷ' ನಡುವೆ ಒಂದು ಗೆರೆ. ತುಂಬಾ ದಪ್ಪದ ಫಾಂಟಿನಲ್ಲಿ ಇವು ತುಂಬಿಹೋಗುತ್ತವೆ. ಯಾವ ಫಾಂಟನ್ನೇ ಆರಿಸಲಿ, ನಾನು ಮೊದಲು ಈ ಸಾಲನ್ನು ಅದೇ ಗಾತ್ರದಲ್ಲಿ ಪ್ರಿಂಟ್ ತೆಗೆದು ನೋಡುತ್ತೇನೆ:

```
ದ ಧ   ಡ ಢ   ಪ ಷ   ರ ಠ   ಒ ಓ   3 8   5 6   1 7
```

ಬೋಲ್ಡ್ ಗುಂಡಿ ಒತ್ತುವ ಮೊದಲು ಆ ಫಾಂಟಿಗೆ ನಿಜವಾದ ಬೋಲ್ಡ್ ಇದೆಯೇ ಅಂತಲೂ ನೋಡಿ. ಬಹಳ ಅಲಂಕಾರಿಕ ಫಾಂಟುಗಳು ಒಂದೇ ದಪ್ಪದಲ್ಲಿ ಬರುತ್ತವೆ. ಅಂಥದ್ದಕ್ಕೆ ಬೋಲ್ಡ್ ಕೊಟ್ಟರೆ ಕೆಲವು ಸಾಫ್ಟ್‌ವೇರ್‌ಗಳು ಅಕ್ಷರದ ಅಂಚನ್ನು ಸುತ್ತಲೂ ಊದಿಸುತ್ತವೆ. ಹೊರಗೆ ದಪ್ಪ ಕಾಣುತ್ತದೆ, ಒಳಗಿನ ಸೀಳುಗಳು ಮುಚ್ಚಿಹೋಗುತ್ತವೆ.

ನಾನು ಹೆಸರಿಗೆ Baloo Tamma 2 ಬೋಲ್ಡ್ ಇಟ್ಟೆ. ಗೆರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ, ತಿರುವುಗಳು ದುಂಡಗೆ, ಹಾಗಾಗಿ ಹಳೆಯ ಹೆಸರಿನ ಆಪ್ತತೆ ಪೂರ್ತಿ ಹೋಗಲಿಲ್ಲ. ಐಟಂಗಳಿಗೆ Noto Sans Kannada ಮೀಡಿಯಂ. ಮೊದಲಿದ್ದ ತೆಳು ಫಾಂಟನ್ನೇ ಉಳಿಸಿಕೊಳ್ಳಬಹುದಿತ್ತು, ಆದರೆ ಅದರಲ್ಲಿ ಮೀಡಿಯಂ ದಪ್ಪ ಇರಲಿಲ್ಲ. ಮೀಡಿಯಂ ಮತ್ತು ಬೋಲ್ಡ್ ನಡುವಿನ ಅಂತರ, ಜೊತೆಗೆ ಎರಡು ಪಟ್ಟಿಗಿಂತ ಹೆಚ್ಚಿನ ಎತ್ತರದ ಅಂತರ. ಮಸುಕು ಮಾಡಿದಾಗಲೂ ಯಾವುದು ಯಾವುದು ಅಂತ ತಿಳಿಯಿತು. ಹೆಸರನ್ನು 60ರಿಂದ 45 ಮಿ.ಮೀ.ಗೆ ಇಳಿಸಿದೆ. ಆದರೂ ಅದು 9 ಮೀಟರಿನಿಂದ ಓದಲು ಬಂತು.

ಅಂಕಿಗಳ ದೋಷ ಬೇರೆಯೇ

ಅಂಕಿಗಳ ದೂರವನ್ನು ಎತ್ತರದಿಂದ ಭಾಗಿಸಿದಾಗ 150, ನಡುವೆ ಬಂದಿತ್ತು. ಓದಿದವರು ನಿಲ್ಲಿಸದೆ ಓದಿದರು, ಆದರೆ ತಪ್ಪು ಓದಿದರು. 3 ಇದ್ದಲ್ಲಿ 8, 5 ಇದ್ದಲ್ಲಿ 6. ಪದದಲ್ಲಿ ಒಂದು ಅಕ್ಷರ ಮಸುಕಾದರೂ ಉಳಿದವು ಸೇರಿ ಅರ್ಥ ಕೊಡುತ್ತವೆ. ಅಂಕಿಗೆ ಆ ಆಸರೆ ಇಲ್ಲ. ಆದ್ದರಿಂದ ಬೋರ್ಡಿನಲ್ಲಿ ಅಂಕಿಗಳಿಗೆ ಅಲಂಕಾರಿಕ ಫಾಂಟ್ ಬೇಡವೇ ಬೇಡ. ಐಟಂ ಫಾಂಟಿನದೇ ಅಂಕಿ, ಬೇಕಾದರೆ ಒಂದು ಹಂತ ದಪ್ಪ.

ಇನ್ನೊಂದು ತಪ್ಪು ನನ್ನ ಜೋಡಣೆಯದು. ಅಂಕಿಗಳನ್ನು ಬಲ ಅಂಚಿಗೆ ಒತ್ತಿದ್ದೆ. ಐಟಂ ಎಡಕ್ಕೆ, ನಡುವೆ ಉದ್ದದ ಖಾಲಿ. ದೂರದಿಂದ ನೋಡುವವರ ಕಣ್ಣು ದಾರಿಯಲ್ಲಿ ಜಾರಿ ಪಕ್ಕದ ಸಾಲಿನ ಬೆಲೆಯನ್ನು ಹಿಡಿಯುತ್ತಿತ್ತು. ನಡುವೆ ಹಾಕಿದ್ದ ಚುಕ್ಕೆಗಳು 3 ಮೀಟರಿನಲ್ಲೇ ಮಾಯ. ಕೊನೆಗೆ ಬೆಲೆಯ ಕಂಬವನ್ನು ಅತಿ ಉದ್ದದ ಐಟಂ ಹೆಸರಿನ ಪಕ್ಕಕ್ಕೇ ತಂದೆ. ಬಲಕ್ಕೆ ಖಾಲಿ ಉಳಿಯಿತು. ಉಳಿಯಲಿ.

ಸಾಲುಗಳ ನಡುವಿನ ಜಾಗ

ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ದೂರದಿಂದ ಎರಡೂ ಸಾಲು ಒಂದೇ ಜೊಂಪೆಯಂತೆ ಕಾಣುತ್ತವೆ. ಇಂಗ್ಲಿಷಿಗೆ ಸಾಕಾಗುವ 120 ಪ್ರತಿಶತ ಸಾಲಂತರ ಕನ್ನಡಕ್ಕೆ ಬಿಗಿ. 135ರಿಂದ ಶುರು ಮಾಡಿ, ಎರಡು ಒತ್ತುಗಳ ಪದ ಇದ್ದರೆ ಇನ್ನೂ ಹೆಚ್ಚಿಸಿ. ಫಾಂಟ್ ಬದಲಾಯಿಸಿದಾಗ ಇದನ್ನು ಮತ್ತೆ ನೋಡಬೇಕು. ಒಂದು ಫಾಂಟಿನ ಒತ್ತು ಮೈಗೆ ಅಂಟಿಕೊಂಡಿರುತ್ತದೆ, ಇನ್ನೊಂದರದು ಕೆಳಕ್ಕೆ ತೂಗುತ್ತದೆ.

ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೆ ದೂರದ ಓದಿಗೆ ಸಹಾಯವೇ. ಆದರೆ ಕನ್ನಡದಲ್ಲಿ ಸ್ವಲ್ಪ ಮಾತ್ರ. 'ಕೀ', 'ಕೇ'ಗಳ ದೀರ್ಘದ ಗುರುತು ಎಷ್ಟೋ ಫಾಂಟುಗಳಲ್ಲಿ ಬೇರೆ ತುಂಡಾಗಿ ಕೂತಿರುತ್ತದೆ. ಜಾಗ ಎಳೆದರೆ ಅದು ಅಕ್ಷರ ಬಿಟ್ಟು ದೂರ ಸರಿಯುತ್ತದೆ. ಪದದಲ್ಲಿ ದೀರ್ಘ ತೇಲಾಡುತ್ತಿದ್ದರೆ ಜಾಗ ಜಾಸ್ತಿಯಾಗಿದೆ ಅಂತ ಅರ್ಥ.

ಇಷ್ಟು ಮಾಡಿದರೆ 42 ಐಟಂ ಹಿಡಿಸುತ್ತದೆಯೇ?

ಇಲ್ಲ. ಇದನ್ನು ಮಾಲೀಕರಿಗೆ ಮೊದಲೇ ಲೆಕ್ಕ ಹಾಕಿ ತೋರಿಸಬೇಕು. 841 ಮಿ.ಮೀ. ಎತ್ತರದಲ್ಲಿ ಮೇಲೆ-ಕೆಳಗೆ ಅಂಚಿಗೆ 40ರಂತೆ 80 ಹೋಯಿತು. ಹೆಸರು ಮತ್ತು ಅದರ ಸುತ್ತಲ ಜಾಗಕ್ಕೆ 100. ಉಳಿದದ್ದು 661. ಮೈ ಎತ್ತರ 20 ಮಿ.ಮೀ. ಇಟ್ಟಾಗ ನನಗೆ ಸಾಲಿನಿಂದ ಸಾಲಿಗೆ 53 ಮಿ.ಮೀ. ಬೇಕಾಯಿತು. ಅಲ್ಲಿಗೆ 12 ಸಾಲು. ಎರಡು ಉಪಶೀರ್ಷಿಕೆ ಕಳೆದರೆ 10 ಐಟಂ.

ಮಾಲೀಕರಿಗೆ ಬೇಸರವಾಯಿತು. "ಅಗಲ ಕಿರಿದು ಮಾಡಿ ಎರಡು ಕಂಬ ಮಾಡಿ" ಅಂದರು. Anek Kannada ಫಾಂಟಿನಲ್ಲಿ ಅಗಲವನ್ನು ಸಹಜವಾಗಿಯೇ ಕಿರಿದು ಮಾಡಬಹುದು, ಹಾಗಾಗಿ ಅದರ ಅತಿ ಕಿರಿದಾದ ರೂಪದಲ್ಲಿ ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿದೆವು. ಅದೇ ಎತ್ತರ, ಆದರೆ ಓದಲು ಇನ್ನೂ ಒಂದು ಮೀಟರ್ ಮುಂದೆ ಬರಬೇಕಾಯಿತು. ಕನ್ನಡ ಅಕ್ಷರ ಅಗಲದಲ್ಲಿ ಉಸಿರಾಡುತ್ತದೆ. ಅಗಲ ಒತ್ತಿದರೆ ಒಳಗಿನ ಬಯಲು ಹೋಗುತ್ತದೆ. ಮಾಲೀಕರೇ ನಿಂತು ನೋಡಿ ಒಪ್ಪಿದರು.

ಪಕ್ಕಕ್ಕೆ ಇನ್ನೊಂದು ಎ1 ಬೋರ್ಡ್ ಬಂತು. ಅದರಲ್ಲಿ ಹೆಸರಿಲ್ಲ, ಒಂದೇ ಉಪಶೀರ್ಷಿಕೆ, 13 ಐಟಂ. ಒಟ್ಟು 23 ಗೋಡೆಯ ಮೇಲೆ. ಕೈಯಲ್ಲಿ ಹಿಡಿಯುವ ಮೆನುವಿನಲ್ಲಿ 42 ಪೂರ್ತಿ. ಅದನ್ನು 40 ಸೆಂ.ಮೀ. ದೂರದಿಂದ ಓದುತ್ತಾರೆ, ಅಲ್ಲಿಗೆ 2 ಮಿ.ಮೀ. ಮೈ ಸಾಕು. ಮಾಲೀಕರಿಗೆ ಇಷ್ಟವಾಗಿದ್ದ ಹಳೆಯ ಬಳುಕಿನ ಹೆಸರು ಆ ಮೆನುವಿನ ಮುಖಪುಟಕ್ಕೆ ಹೋಯಿತು. ಕೈ ಅಳತೆಯ ದೂರದಲ್ಲಿ ಅದರ ತೆಳು ಗೆರೆ ಕಾಣುತ್ತದೆ, ನಿಜವಾಗಿ ಚೆಂದವೂ ಇದೆ.

ಪ್ರಿಂಟಿಗೆ ಕೊಡುವ ಮೊದಲು

ಎ1 ಪೂರ್ತಿ ಪ್ರಿಂಟ್ ಮಾಡಿಯೇ ನೋಡಬೇಕಿಲ್ಲ. ಇಡೀ ಬೋರ್ಡನ್ನು ಎ4 ಹಾಳೆಗೆ ಕುಗ್ಗಿಸಿ ಪ್ರಿಂಟ್ ತೆಗೆಯಿರಿ. ಉದ್ದ-ಅಗಲ ಸುಮಾರು 0.35 ಪಟ್ಟಿಗೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ 4 ಮೀಟರ್ ಅಂದರೆ 1.4 ಮೀಟರ್. ಹಾಳೆಯನ್ನು ಗೋಡೆಗೆ ಅಂಟಿಸಿ 1.4 ಮೀಟರ್ ದೂರ ನಿಂತು ಓದಿಸಿ. ಇದಕ್ಕಿಂತ ಚಿಕ್ಕದಾಗಿ ಕುಗ್ಗಿಸಿ ಕೈಯಲ್ಲಿ ಹಿಡಿದು ನೋಡಬೇಡಿ. ಹತ್ತಿರದ ಓದಿಗೆ ಕನ್ನಡಕ ಬೇಕಾದವರಿಗೆ ಅದು ಬೇರೆಯೇ ಪರೀಕ್ಷೆಯಾಗಿಬಿಡುತ್ತದೆ.

ಪ್ರೆಸ್ಸಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಜೋಡಿಯ ಒಂದು ಫಾಂಟ್ ಸದ್ದಿಲ್ಲದೆ ಬದಲಾಗಬಹುದು. ಪಿಡಿಎಫ್ ಒಳಗೆ ಎರಡೂ ಫಾಂಟ್ ಸೇರಿವೆಯೇ ಅಂತ Poppler ಸಾಫ್ಟ್‌ವೇರ್ ಜೊತೆ ಬರುವ pdffonts ಆಜ್ಞೆಯಿಂದ ಟರ್ಮಿನಲ್‌ನಲ್ಲಿ ಹೀಗೆ ನೋಡಬಹುದು:

```
pdffonts menu.pdf
```

ಬರುವ ಪಟ್ಟಿಯಲ್ಲಿ emb ಕಂಬದ ಕೆಳಗೆ ಪ್ರತಿ ಫಾಂಟಿಗೂ yes ಇರಬೇಕು. no ಕಂಡರೆ ಪಿಡಿಎಫ್ ಮತ್ತೆ ತೆಗೆಯಿರಿ. ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿದ್ದರೆ ಪಟ್ಟಿ ಖಾಲಿ ಬರುತ್ತದೆ, ಅದು ದೋಷವಲ್ಲ.

ಬೋರ್ಡಿನ ಹಿಂದೆ ದೀಪ ಇದ್ದರೆ ಒಂದು ಬದಲಾವಣೆ ಬೇಕು. ಬೆಳಗುವ ಬಿಳಿ ಅಕ್ಷರ ಕಡು ಹಿನ್ನೆಲೆಗೆ ಚೆಲ್ಲಿಕೊಂಡು ನಿಜಕ್ಕಿಂತ ದಪ್ಪ ಕಾಣುತ್ತದೆ. ಅಲ್ಲಿ ಎರಡೂ ಫಾಂಟನ್ನು ಒಂದು ಹಂತ ತೆಳು ಮಾಡಿ, ಅಕ್ಷರಗಳ ನಡುವೆ ಚೂರು ಜಾಗ ಕೊಡಿ.

ನನ್ನ ಹೊಸ ಬೋರ್ಡನ್ನು ಹಾಕಿದ ಮೇಲೆ ಅದೇ ಇಬ್ಬರನ್ನು ನಿಲ್ಲಿಸಿ ಮತ್ತೆ ಅಳೆದೆ. ಐಟಂ ಸಾಲು 4.4 ಮೀಟರಿನಿಂದ ಓದಲು ಬಂತು, ಅಂಕಿಗಳೂ ಸರಿಯಾಗಿ ಬಂದವು. ಎಡ ಮೂಲೆಯ ಮೂರು ಸಾಲು ಮಾತ್ರ ಮಧ್ಯಾಹ್ನ ಓದಲು ಆಗುತ್ತಿರಲಿಲ್ಲ. ಫಾಂಟನ್ನು ಮುಟ್ಟಲು ಹೋಗದೆ ಸಾಲು ನಿಲ್ಲುವ ಜಾಗದಿಂದಲೇ ಒಂದು ಫೋಟೋ ತೆಗೆದೆ. ಹೊಳಪಿನ ಲ್ಯಾಮಿನೇಷನ್ ಮೇಲೆ ಎದುರಿನ ಕಿಟಕಿ ಪ್ರತಿಫಲಿಸುತ್ತಿತ್ತು. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದ ಮೇಲೆ ಆ ಮೂರೂ ಸಾಲು ಕಂಡವು.